ಮಾಳಿಗೆ ಮೇಲಿನ ಡಿಸೆಂಬರ್ 31: ದೀಪದ ಸಾಲು, ಕಾಗದದ ತೋರಣ, ಕೌಂಟ್‌ಡೌನ್ ಮೂಲೆ

ಡಿ. 26: ಅಳತೆ

ಬಳ್ಳಾರಿಯ ಸಾಮಾನ್ಯ ಮನೆ ಮಾಳಿಗೆ. ಪೂರ್ವ–ಪಶ್ಚಿಮ 30 ಅಡಿ, ಉತ್ತರ–ದಕ್ಷಿಣ 20 ಅಡಿ. ಈಶಾನ್ಯ ಮೂಲೆಯಲ್ಲಿ ಮೆಟ್ಟಿಲು ಕೋಣೆ, 8 ಅಡಿ ಎತ್ತರ. ಸುತ್ತ 3 ಅಡಿ ಪ್ಯಾರಾಪೆಟ್. ಪಶ್ಚಿಮದ ಎರಡೂ ಮೂಲೆಯಲ್ಲಿ, ಮುಂದೆ ಮನೆ ಎಬ್ಬಿಸಲಿಕ್ಕೆ ಬಿಟ್ಟ ಪಿಲ್ಲರ್ ಸರಳುಗಳು ಎದ್ದು ನಿಂತಿವೆ. ಈ ಸರಳುಗಳೇ ಇಡೀ ಕೆಲಸದ ಆಧಾರವಾಗುತ್ತವೆ ಅಂತ ಮೊದಲ ದಿನ ಹೊಳೆದಿರಲಿಲ್ಲ.

ಡಿಸೆಂಬರಿನಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬರುತ್ತದೆ. ಹಾಗಾಗಿ ಕೌಂಟ್‌ಡೌನ್ ಮೂಲೆಗೆ ಮೆಟ್ಟಿಲು ಕೋಣೆಯ ಪಶ್ಚಿಮದ ಗೋಡೆಯೇ ಸರಿ. ಗೋಡೆ ಗಾಳಿಗೆ ಬೆನ್ನು ಕೊಡುತ್ತದೆ, ಮುಂದೆ ಕಾಗದ ನಿಲ್ಲುತ್ತದೆ. ಪೂರ್ತಿ ನಿಶ್ಚಲ ಅಲ್ಲ. ಕೋಣೆಯ ಅಂಚಿನಲ್ಲಿ ಗಾಳಿ ಸುತ್ತಿಕೊಂಡು ಬರುತ್ತದೆ. ಆದ್ದರಿಂದ ಗೋಡೆಯ ಎರಡೂ ತುದಿಗೆ ಒಂದೊಂದು ಅಡಿ ಖಾಲಿ ಬಿಡಬೇಕು.

ಡಿ. 27: ಬೊಂಬು ಬಿತ್ತು

ಮೊದಲ ಯೋಜನೆ ಎಲ್ಲರೂ ಮಾಡುವಂಥದ್ದೇ. ಖಾಲಿ ಎಣ್ಣೆ ಡಬ್ಬಿಗೆ ಮರಳು ತುಂಬಿ, ಅದರಲ್ಲಿ 9 ಅಡಿಯ ಬೊಂಬು ನಿಲ್ಲಿಸಿ, ಮೆಟ್ಟಿಲು ಕೋಣೆಯಿಂದ ದೀಪದ ವೈರ್ ಎಳೆಯುವುದು. ವೈರ್ ಬಿಗಿ ಮಾಡುತ್ತಿದ್ದಂತೆ ಡಬ್ಬಿ ಸಮೇತ ಬೊಂಬು ಒಳಕ್ಕೆ ವಾಲಿತು.

ಕಾರಣ ಲೆಕ್ಕದಲ್ಲಿದೆ. ತುಂಬಿದ ಡಬ್ಬಿಯ ತೂಕ ಸುಮಾರು 25 ಕೆ.ಜಿ. ಡಬ್ಬಿಯ ಅಗಲ 9 ಇಂಚು, ಅಂದರೆ ನಡುವಿನಿಂದ ಅಂಚಿಗೆ ನಾಲ್ಕೂವರೆ ಇಂಚು ಮಾತ್ರ. 9 ಅಡಿ ಮೇಲೆ ಒಂದು ಕೆ.ಜಿ.ಗಿಂತ ತುಸು ಹೆಚ್ಚು ಎಳೆತ ಬಿದ್ದರೂ ಡಬ್ಬಿ ಮಗುಚುತ್ತದೆ. ಮರಳಿನ ತೂಕ ನೋಡಿದರೆ ಗಟ್ಟಿ ಅನ್ನಿಸುತ್ತದೆ, ಆದರೆ ಬುಡ ಸಣ್ಣದು.

ವೈರ್ ಎಷ್ಟು ಎಳೆಯುತ್ತದೆ ಅಂತ ತಿಳಿಯಲು ಒಂದು ಸರಳ ಸೂತ್ರವಿದೆ:

```
ಎಳೆತ = ತೂಕ × ಅಂತರ ÷ (8 × ಜೋಲು)
```

ನಮ್ಮ ಉದ್ದದ ಸಾಲು 25 ಅಡಿ. ಎರಡು ಅಡಿಗೊಂದರಂತೆ 12 ಬಲ್ಬು, ಹೋಲ್ಡರು, ವೈರು, ಅದನ್ನು ಹೊರುವ ಹಗ್ಗ ಎಲ್ಲ ಸೇರಿ ತಕ್ಕಡಿಯಲ್ಲಿ ಒಂದೂವರೆ ಕೆ.ಜಿ. ನಡುವೆ 3 ಇಂಚು ಮಾತ್ರ ಜೋಲು ಬಿಟ್ಟು ಬಿಗಿದರೆ ತುದಿಯಲ್ಲಿ 19 ಕೆ.ಜಿ. ಎಳೆತ. ಒಂದು ಅಡಿ ಜೋಲು ಬಿಟ್ಟರೆ 4.7 ಕೆ.ಜಿ. ಒಂದೂವರೆ ಅಡಿ ಬಿಟ್ಟರೆ 3 ಕೆ.ಜಿ. ಚಿಲ್ಲರೆ. ದೀಪದ ಸಾಲು ನೆಟ್ಟಗೆ ಇರಬೇಕು ಅಂತ ಬಿಗಿಯುವವರು ಬೊಂಬಿನ ಮೇಲೆ ಆರು ಪಟ್ಟು ಭಾರ ಹಾಕುತ್ತಾರೆ. ಮೇಲಾಗಿ ಜೋಲು ಬಿಟ್ಟ ಸಾಲೇ ಕಣ್ಣಿಗೆ ಚೆಂದ. ಒಂದೂವರೆ ಅಡಿ ಅಂತ ತೀರ್ಮಾನಿಸಿದೆವು. ನಡುವಿನ ಬಲ್ಬು ಆಗ ನೆಲದಿಂದ 7 ಅಡಿ ಮೇಲಿರುತ್ತದೆ, ಯಾರ ತಲೆಗೂ ತಾಗದು.

ಆದರೆ ಆ 3 ಕೆ.ಜಿ.ಗೂ ಡಬ್ಬಿ ನಿಲ್ಲುವುದಿಲ್ಲ, ಗಾಳಿ ಬೇರೆ ಇದೆ. ಆದ್ದರಿಂದ ಡಬ್ಬಿ ಬಿಟ್ಟು, ಬೊಂಬನ್ನು ಮೂಲೆಯ ಪಿಲ್ಲರ್ ಸರಳಿಗೇ ಕಟ್ಟಿದ್ದಾಯಿತು. ಒಂದು ಕಟ್ಟು ಸರಳಿನ ಬುಡದಲ್ಲಿ, ಇನ್ನೊಂದು ಒಂದೂವರೆ ಅಡಿ ಮೇಲೆ. ಒಂದೇ ಕಟ್ಟಿದ್ದರೆ ಬೊಂಬು ಅದರ ಸುತ್ತ ತಿರುಗುತ್ತದೆ. ಕಟ್ಟಲಿಕ್ಕೆ ಜೀನ್ಸ್ ಹೊಲಿಗೆಯಲ್ಲಿ ಉಳಿಯುವ ಬಟ್ಟೆಯ ಅಂಚಿನ ಪಟ್ಟಿ ಬಳಸಿದೆವು. ಈ ಊರಲ್ಲಿ ಅದು ಹುಡುಕದೇ ಸಿಗುವ ವಸ್ತು. ಬಲ ಇದೆ, ನೈಲಾನಿನಂತೆ ಜಾರುವುದಿಲ್ಲ, ಗಂಟು ಕಚ್ಚಿ ನಿಲ್ಲುತ್ತದೆ. ಸರಳಿನ ತುದಿಗಳಿಗೆ ಖಾಲಿ ನೀರಿನ ಬಾಟಲಿ ಬೋರಲು ಹಾಕಿದ್ದೇವೆ. ಮಕ್ಕಳು ಓಡಾಡುವ ಜಾಗದಲ್ಲಿ ಇದನ್ನು ಮರೆಯುವಂತಿಲ್ಲ.

ಮೂರನೇ ಬೊಂಬು ಕೈಬಿಟ್ಟೆವು. ಪ್ಯಾರಾಪೆಟ್ ನಡುವೆ ಅದಕ್ಕೆ ಕಟ್ಟಲು ಏನೂ ಇಲ್ಲ.

ಡಿ. 28: ದೀಪ

ಮೂರು ಸಾಲು: ಮೆಟ್ಟಿಲು ಕೋಣೆಯಿಂದ ಎರಡು ಮೂಲೆಗೆ 22 ಮತ್ತು 25 ಅಡಿ, ಎರಡು ಬೊಂಬುಗಳ ನಡುವೆ 20 ಅಡಿ. ಒಟ್ಟು 33 ಬಲ್ಬು, ತಲಾ ಅರ್ಧ ವ್ಯಾಟ್. ಎಲ್ಲ ಸೇರಿ 16.5 ವ್ಯಾಟ್, ಇನ್ವರ್ಟರಿಗೆ ಲೆಕ್ಕಕ್ಕೇ ಇಲ್ಲ.

ಸೀರಿಯಲ್ ಸೆಟ್ ಬಿಟ್ಟು ಹೋಲ್ಡರ್ ಬಲ್ಬು ಹಾಕಿದ್ದಕ್ಕೆ ಕಾರಣ ಇದೆ. ಅಗ್ಗದ ಸೀರಿಯಲ್ ಸೆಟ್ಟಿನಲ್ಲಿ ಒಂದು ಎಲ್‌ಇಡಿಯ ಕಾಲು ಮುರಿದರೆ ಅದರ ಸಾಲಿನ ಭಾಗ ಪೂರ್ತಿ ಕತ್ತಲು. ಗಾಳಿಗೆ ತೂಗಾಡುವ ವೈರಿನಲ್ಲಿ ಆ ಕಾಲು ಮುರಿಯುವುದು ಹೆಚ್ಚು. ಹೋಲ್ಡರುಗಳು ಪ್ಯಾರಲಲ್ ಆಗಿರುವುದರಿಂದ ಒಂದು ಬಲ್ಬು ಹೋದರೆ ಒಂದೇ ಹೋಗುತ್ತದೆ. ಸೀರಿಯಲ್ ಸೆಟ್ಟನ್ನು ಗೋಡೆಗೆ ಅಂಟಿಸಿದ ಕೌಂಟ್‌ಡೌನ್ ಮೂಲೆಗೆ ಮಾತ್ರ ಇಟ್ಟಿದ್ದೇವೆ.

ವೈರನ್ನು ನೇರ ಎಳೆದಿಲ್ಲ. ಮೊದಲು ನೈಲಾನ್ ಹಗ್ಗ ಕಟ್ಟಿ, ಪ್ರತಿ ಹೋಲ್ಡರಿನ ಪಕ್ಕ ಒಂದು ಕೇಬಲ್ ಟೈ. ಭಾರ ಹಗ್ಗದ್ದು, ವೈರಿನದ್ದು ಕರೆಂಟು ಒಯ್ಯುವ ಕೆಲಸ ಮಾತ್ರ. ಜಿಐ ತಂತಿ ಬೇಡ: ಬೀದಿ ಕಡೆಯಿಂದ ಮನೆಗೆ ಬರುವ ಸರ್ವಿಸ್ ವೈರ್ ಹತ್ತಿರದಲ್ಲೇ ಇದೆ. ಇದೇ ಕಾರಣಕ್ಕೆ ಹೊಳೆಯುವ ಜರಿ ತೋರಣವನ್ನೂ ಆ ಬದಿಗೆ ಕಟ್ಟಬಾರದು. ಅದರ ಲೋಹದ ಲೇಪಕ್ಕೆ ಕರೆಂಟು ಹರಿಯಬಹುದು.

ಹೋಲ್ಡರಿನ ಬಾಯಿ ಕೆಳಗೇ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲಲ್ಲ, ಮೆಟ್ಟಿಲು ಕೋಣೆಯ ಒಳಗೆ. ಅದಕ್ಕೆ ಬರುವ ವೈರ್ ಬಾಗಿಲ ಹೊರಗೆ ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೆ ಏರಬೇಕು. ಆಗ ಇಬ್ಬನಿಯ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಬಾಕ್ಸಿಗೆ ಹರಿಯುವುದಿಲ್ಲ.

ಡಿ. 29: ತೋರಣ, ಒಂದು ರಾತ್ರಿಯ ಪರೀಕ್ಷೆ

ಕ್ರೇಪ್ ಕಾಗದದ ಎರಡು ಇಂಚಿನ ಪಟ್ಟಿಗಳನ್ನು ಮಧ್ಯಾಹ್ನ ಬಿಗಿಯಾಗಿ ಎಳೆದು ಕಟ್ಟಿ ನೋಡಿದ್ದಾಯಿತು. ಬೆಳಗಿನ ಹೊತ್ತಿಗೆ ಒಂದು ಹರಿದಿತ್ತು, ಉಳಿದವು ಹಗ್ಗದಂತೆ ಜೋತಿದ್ದವು. ಕ್ರೇಪ್ ಹಿಗ್ಗುವುದು ಅದರ ನಿರಿಗೆಯಿಂದ. ಇಬ್ಬನಿ ತಾಗಿದರೆ ನಿರಿಗೆ ಬಿಚ್ಚಿಕೊಳ್ಳುತ್ತದೆ, ಒಣಗಿದರೂ ಮತ್ತೆ ಕೂಡಿಕೊಳ್ಳುವುದಿಲ್ಲ. ಕೆಂಪು ಪಟ್ಟಿ ಬಣ್ಣ ಬಿಟ್ಟು ಪ್ಯಾರಾಪೆಟ್ಟಿನ ಸುಣ್ಣಕ್ಕೆ ಕಲೆ ಮಾಡಿತ್ತು.

ಬದಲಿಸಿದ ಕ್ರಮ ಹೀಗೆ. ಮೊದಲು ಸುತಳಿ ಕಟ್ಟಿ, ಅದರ ಮೇಲೆ ಎರಡು ಬಣ್ಣದ ಪಟ್ಟಿ ಜೋಡಿಸಿ, ಅಡಿಗೆ ಒಂದು ಸುತ್ತು ಹೊಸೆದು, ಎರಡು ಅಡಿಗೊಂದು ಸ್ಟೇಪ್ಲರ್ ಪಿನ್. ಹೊಸೆದ ಪಟ್ಟಿಗೆ ಗಾಳಿ ಹಿಡಿಯುವ ಚಪ್ಪಟೆ ಮೈ ಇರುವುದಿಲ್ಲ, ಆದ್ದರಿಂದ ಪಟಪಟ ಬಡಿಯುವುದಿಲ್ಲ. ಪಿನ್ನುಗಳ ನಡುವೆ ಎರಡು ಇಂಚು ಸಡಿಲ ಇರಬೇಕು. ದೀಪದ ಹಗ್ಗಕ್ಕೆ ತೋರಣ ಕಟ್ಟಬಾರದು. ಒಂದು ಅಲ್ಲಾಡಿದರೆ ಎರಡೂ ಅಲ್ಲಾಡುತ್ತವೆ. ಕಾಗದ ಕಟ್ಟುವುದು 31ರ ಸಂಜೆ 5ರ ಮೇಲೆ, ಅದಕ್ಕೂ ಮೊದಲು ಸುತಳಿ ಮಾತ್ರ.

ಡಿ. 30: ಕೌಂಟ್‌ಡೌನ್ ಮೂಲೆ

10ರಿಂದ 1ರವರೆಗೆ ಹತ್ತು ಹಲಗೆ, ಹನ್ನೊಂದನೆಯದು ಹೊಸ ವರ್ಷದ ಅಂಕಿ. ಚಾರ್ಟ್ ಹಾಳೆಯನ್ನು ಅರ್ಧ ಮಾಡಿ ರಟ್ಟಿಗೆ ಅಂಟಿಸಿದೆವು. ಬರೀ ಚಾರ್ಟ್ ಸುರುಳಿಯಾಗುತ್ತದೆ. ಅಂಕಿಯ ಗೆರೆ ಎರಡು ಇಂಚು ದಪ್ಪ, ಹಳದಿ ಮೇಲೆ ಕಪ್ಪು. ದೀಪ ಹಲಗೆಯ ಹಿಂದೆ ಇದ್ದರೆ ಅಂಕಿ ಕಾಣುವುದಿಲ್ಲ, ಮುಂದೆ ಮೇಲಿಂದ ಬೀಳಬೇಕು.

ಕ್ಯಾಲೆಂಡರಿನಂತೆ ರಿಂಗಿನಲ್ಲಿ ತಿರುವುವ ಯೋಜನೆ ಫಲಿಸಲಿಲ್ಲ. 14 ಇಂಚಿನ ಗಟ್ಟಿ ರಟ್ಟು ಹಿಂದಕ್ಕೆ ಹೊರಳಬೇಕಾದರೆ ಗೋಡೆ ಅಡ್ಡ ಬರುತ್ತದೆ. ಸೆಕೆಂಡಿಗೊಂದು ಹಲಗೆ ಆಗಲೇ ಇಲ್ಲ. ಈಗ ಮೇಜಿನ ಮೇಲೆ ಮರದ ಪಟ್ಟಿ ಬಡಿದು, ಹಲಗೆಗಳನ್ನು 10 ಮುಂದೆ ಬರುವಂತೆ ಒರಗಿಸಿದ್ದೇವೆ. ಮುಂದಿನದನ್ನು ಪಕ್ಕಕ್ಕೆ ತೆಗೆದಿಟ್ಟರೆ ಸಾಕು, ಹತ್ತು ಸೆಕೆಂಡಿಗೆ ಹತ್ತು ಸಲೀಸಾಗಿ ಮುಗಿಯುತ್ತದೆ.

ಸಮಯಕ್ಕೆ ಟಿ.ವಿ. ನಂಬಬೇಡಿ. ಡಿಶ್‌ನಲ್ಲಿ ಬರುವ ಚಿತ್ರ ಕೆಲವು ಸೆಕೆಂಡು ತಡ, ಇಂಟರ್‌ನೆಟ್‌ನಲ್ಲಿ ಬರುವುದು ಇನ್ನೂ ತಡ. ಆಟೋಮ್ಯಾಟಿಕ್ ಸಮಯ ಆನ್ ಇರುವ ಫೋನ್ ಸಾಕು. ಗೋಡೆ ಗಡಿಯಾರವನ್ನು ಅದಕ್ಕೆ ಹೊಂದಿಸಲು, ಸೆಕೆಂಡ್ ಮುಳ್ಳು 12ಕ್ಕೆ ಬಂದಾಗ ಸೆಲ್ ತೆಗೆಯಿರಿ, ಮುಳ್ಳುಗಳನ್ನು ಮುಂದಿನ ನಿಮಿಷಕ್ಕೆ ಇಡಿ, ಫೋನಿನಲ್ಲಿ ಆ ನಿಮಿಷದ ಸೊನ್ನೆ ಸೆಕೆಂಡ್ ಬಂದಾಗ ಸೆಲ್ ಹಾಕಿ.

ಬಲೂನು ಇನ್ನೂ ಊದಿಲ್ಲ. ಮಾಳಿಗೆ ನೆಲದ ಬಿಸಿಗೆ, ಒರಟು ಸಿಮೆಂಟಿಗೆ ಒಡೆಯುತ್ತವೆ. ನಾಳೆ ಹೊತ್ತು ಮುಳುಗಿದ ಮೇಲೆ, ಮುಕ್ಕಾಲು ಭಾಗ ಮಾತ್ರ ಊದಿ ಗೋಡೆಗೆ ಕಟ್ಟುವುದು ಬಾಕಿ.