ಹದಿನಾಲ್ಕು ಸೆಂಟಿಮೀಟರ್ ಟೇಪು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಕೊಳ್ಳೇಗಾಲದ ನನ್ನ ರೇಡಿಯೊ ರಿಪೇರಿ ಅಂಗಡಿಗೆ ಯುವಕನೊಬ್ಬ ಅರವತ್ತು ನಿಮಿಷದ ಹಳೆಯ ಕ್ಯಾಸೆಟ್ಟೊಂದನ್ನು ತಂದ. ಅವನ ತಂದೆ ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡುತ್ತಿದ್ದವರು. "ಅಪ್ಪನ ದನಿ ಉಳಿದಿರೋದು ಇದೊಂದ್ರಲ್ಲೇ ಕಣಣ್ಣ" ಎಂದ. ಮನೆಯಲ್ಲೇ ಹಾಕಿ ನೋಡಿದಾಗ ಟೇಪ್‌ರೆಕಾರ್ಡರ್ ಅದನ್ನು ನುಂಗಿತ್ತು. ಬಿಡಿಸುವ ಅವಸರದಲ್ಲಿ ತುಂಡಾದ ಟೇಪಿಗೆ ಅವನು ಸೆಲ್ಲೋಟೇಪು ಸುತ್ತಿದ್ದ.

ಇಂಥದ್ದನ್ನು ಮತ್ತೊಮ್ಮೆ ಹಾಕಿ ಪರೀಕ್ಷಿಸಬಾರದು. ಸೆಲ್ಲೋಟೇಪಿನ ಅಂಟು ಕಾಲಕ್ರಮೇಣ ಅಂಚಿನಿಂದ ಜಿನುಗಿ ಪಕ್ಕದ ಸುತ್ತುಗಳನ್ನೂ ಕಚ್ಚಿಕೊಳ್ಳುತ್ತದೆ. ಟೇಪಿನಿಂದ ದನಿ ಓದುವ ಹೆಡ್ಡಿಗೆ ಅದು ತಗುಲಿದರೆ ದನಿಯೇ ಮಂಕಾಗುತ್ತದೆ. ಹೀಗಾಗಿ ಐದು ಸ್ಕ್ರೂ ಬಿಚ್ಚಿ, ಎರಡು ಸುರುಳಿಗಳನ್ನೂ ಬೇರೊಂದು ಒಳ್ಳೆಯ ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಿದೆ. ಹಳೆಯ ಚಿಪ್ಪಿನಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ತುಂಡು ಕಳಚಿಹೋಗಿತ್ತು.

ತುಂಡಾದಲ್ಲಿಂದ ಹದಿನಾಲ್ಕು ಸೆಂಟಿಮೀಟರಿನಷ್ಟು ಟೇಪು ಮುದುಡಿತ್ತು. ಅದನ್ನು ಕತ್ತರಿಸಿ ಎಸೆದು ಒಳ್ಳೆಯ ತುದಿಗಳನ್ನು ಜೋಡಿಸುವುದು ಸುಲಭದ ದಾರಿ. ಆದರೆ ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಎಂದರೆ ಸುಮಾರು ಮೂರು ಸೆಕೆಂಡಿನ ಹಾಡು ಹೋಗುತ್ತದೆ, ಅದೂ ಎರಡೂ ಬದಿಯಲ್ಲಿ, ಏಕೆಂದರೆ ಒಂದೇ ಟೇಪಿನ ಅಗಲದಲ್ಲಿ ಎರಡೂ ಬದಿಯ ಹಾಡು ಅಕ್ಕಪಕ್ಕ ಕೂತಿರುತ್ತದೆ. ಕತ್ತರಿಸಲು ನನಗೆ ಮನಸ್ಸಾಗಲಿಲ್ಲ. ಸೆಲ್ಲೋಟೇಪನ್ನು ಮೆಲ್ಲಗೆ ಸುಲಿದು, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿದೆ. ಬಳಿಕ ಟೇಪನ್ನು ಗಾಜಿನ ಮೇಲೆ ಚಾಚಿ, ಹಾಡು ಅಚ್ಚಾಗಿರದ ಹಿಂಬದಿಯಿಂದ ಬಟ್ಟೆ ಸುತ್ತಿದ ಚಮಚದ ಬೆನ್ನಿನಲ್ಲಿ ಉಜ್ಜಿ ಮಡಿಕೆಗಳನ್ನು ತಗ್ಗಿಸಿದೆ. ಹರಿದ ತುದಿಗಳನ್ನು ಮಾತ್ರ ಕೂದಲೆಳೆಯಷ್ಟು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಹತ್ತದಂತೆ ಕೂಡಿಸಿ, ಅದೇ ಹಿಂಬದಿಗೆ ಇಂಥ ಜೋಡಣೆಗೆಂದೇ ಇರುವ ಸ್ಪ್ಲೈಸಿಂಗ್ ಟೇಪು ಹಾಕಿದೆ. ಬ್ಲೇಡಿಗೆ ಅಯಸ್ಕಾಂತದ ಗುಣ ಹತ್ತಿದ್ದರೆ ಜೋಡಣೆಯ ಜಾಗದಲ್ಲಿ 'ಟಕ್' ಎಂದು ಕೇಳುತ್ತದೆ. ಆ ಪಾಠ ಕಲಿಯಲು ಹಿಂದೆ ನಾನೇ ಒಂದು ಟೇಪು ಕೆಡಿಸಿದ್ದೇನೆ.

ಕಂಪ್ಯೂಟರಿಗೆ ಜೋಡಿಸಿ ಹಾಕಿದಾಗ ಹಾಡುಗಾರರ ದನಿ ಬಂತು, ಆದರೆ ಕಂಸಾಳೆ ತಗಡು ಬಡಿದಂತೆ ಕೇಳಿಸಿತು. ಧ್ವನಿ ಮುದ್ರಿಸಿದ ಯಂತ್ರದ ಹೆಡ್ಡು ಒಂದಿಷ್ಟು ವಾಲಿದ್ದಿರಬೇಕು. ನನ್ನ ಯಂತ್ರದ ಹೆಡ್ಡು ನೆಟ್ಟಗಿದ್ದರೆ ಮೊದಲು ಮಾಯವಾಗುವುದು ಇಂಥ ತೀಕ್ಷ್ಣ ನಾದವೇ. ಹೆಡ್ಡಿನ ಪಕ್ಕದ ಸ್ಕ್ರೂವನ್ನು ಅರೆ ಸುತ್ತಿಗೂ ಕಡಿಮೆ ತಿರುಗಿಸುವಷ್ಟರಲ್ಲಿ ಕಂಚು ಕಂಚಿಗೆ ತಾಗುವ ಝೇಂಕಾರ ತೆರೆದುಕೊಂಡಿತು. ಆ ಸ್ಥಾನದಲ್ಲೇ ಎರಡೂ ಬದಿಯನ್ನು ಒಮ್ಮೊಮ್ಮೆ ಮಾತ್ರ ಓಡಿಸಿ ದಾಖಲಿಸಿಕೊಂಡೆ.

ಮುದುಡಿದ ಜಾಗದಲ್ಲಿ ದನಿ ಎರಡು ಬಾರಿ ಕುಸಿದು ಮೇಲೇಳುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಲೇ ಎಂದು ಕೇಳಿದಾಗ ಹುಡುಗ, "ಬ್ಯಾಡಣ್ಣ, ಅಪ್ಪ ಉಸುರು ತಗಂಡಂಗೆ ಕೇಳ್ತದೆ" ಎಂದು, ಪೆನ್‌ಡ್ರೈವನ್ನು ಅಂಗಿಯ ಜೇಬಿಗೆ ಹಾಕಿಕೊಂಡ.