ಮೊದಲು ಸ್ಕ್ಯಾನ್ ಪ್ರತಿ, ಆಮೇಲೆ ಉಳಿದದ್ದು

ನಾನು ಪಿಯು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ದ್ವಿತೀಯ ಪಿಯು ಫಲಿತಾಂಶ ಬಂದ ಮರುದಿನ "ಸಾರ್, ರೀವ್ಯಾಲ್ಯುಯೇಷನ್ ಹಾಕಬೇಕು" ಎಂದು ಮಕ್ಕಳು ಬರುತ್ತಾರೆ. ಒಂದು ವರ್ಷ ಒಬ್ಬ ಹುಡುಗಿಗೆ "ಅದಕ್ಕೆ ಇನ್ನೂ ಟೈಮಿದೆ, ಮುಂದಿನ ವಾರ ಬಾ" ಎಂದುಬಿಟ್ಟೆ. ಅವಳು ಬರುವಷ್ಟರಲ್ಲಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕುವ ದಿನ ಮುಗಿದಿತ್ತು. ಪ್ರತಿ ಪಡೆಯದವರು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವಂತಿಲ್ಲ. ಅವಳ ಮುಖ ನನಗೆ ಇನ್ನೂ ನೆನಪಿದೆ.

ಹಾಗಾಗಿ ಈಗ ಮೊದಲು ನೋಡುವುದು ಸ್ಕ್ಯಾನ್ ಪ್ರತಿಯ ಕೊನೆಯ ದಿನ. ಫಲಿತಾಂಶದ ದಿನದಿಂದ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಒಂದು ವಾರವೂ ಸಿಗುವುದಿಲ್ಲ. ಪ್ರತಿ ಡೌನ್‌ಲೋಡ್ ಆದ ಮೇಲೆ ಮರುಎಣಿಕೆ, ಮರುಮೌಲ್ಯಮಾಪನಕ್ಕೆ ಇನ್ನು ಕೆಲವೇ ದಿನ. ಆಯಾ ವರ್ಷದ ದಿನಾಂಕಗಳನ್ನು kseab.karnataka.gov.in ನಲ್ಲಿರುವ ಸುತ್ತೋಲೆಯಲ್ಲೇ ನೋಡಿ. 2025ರ ಪರೀಕ್ಷೆ-1ರಲ್ಲಿ ಒಂದು ವಿಷಯದ ಸ್ಕ್ಯಾನ್ ಪ್ರತಿಗೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1670 ರೂಪಾಯಿ ಇತ್ತು. ಮರುಎಣಿಕೆಗೆ ಶುಲ್ಕವಿರಲಿಲ್ಲ.

ಮರುಎಣಿಕೆ ಎಂದರೆ ಕೊಟ್ಟ ಅಂಕಗಳನ್ನು ಮತ್ತೆ ಕೂಡುವುದು, ಅಷ್ಟೇ. ಉತ್ತರವನ್ನು ಯಾರೂ ಮತ್ತೆ ಓದುವುದಿಲ್ಲ. ಮರುಮೌಲ್ಯಮಾಪನದಲ್ಲಿ ಮಾತ್ರ ಇನ್ನೊಬ್ಬರು ಉತ್ತರ ಓದಿ ಅಂಕ ಹಾಕುತ್ತಾರೆ.

ಆಮೇಲೊಂದು ವರ್ಷ ಒಬ್ಬ ಹುಡುಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ಮರುಮೌಲ್ಯಮಾಪನ ಬೇಕು ಎಂದ. ಮೊದಲು ಮೂರೂ ಪ್ರತಿ ತರಿಸಿದೆವು, 1590 ರೂಪಾಯಿ. ಭೌತಶಾಸ್ತ್ರದಲ್ಲಿ ಒಳಪುಟದ ಅಂಕ ಕೂಡಿದರೆ ಒಟ್ಟಿಗಿಂತ 2 ಜಾಸ್ತಿ ಬಂತು. ಎಣಿಕೆ ತಪ್ಪಿದೆ ಅಂದುಕೊಂಡೆವು. ಪ್ರಶ್ನೆಪತ್ರಿಕೆ ತೆಗೆದು ನೋಡಿದರೆ, ಯಾವುದಾದರೂ ಐದಕ್ಕೆ ಉತ್ತರಿಸಿ ಎಂದಿದ್ದ ಕಡೆ ಅವನು ಆರು ಬರೆದಿದ್ದ. ಕಡಿಮೆ ಬಂದ ಒಂದನ್ನು ಬಿಟ್ಟಿದ್ದರು. ಅಲ್ಲಿಗೆ ಮರುಎಣಿಕೆಯ ಮಾತೇ ಇರಲಿಲ್ಲ.

ಗಣಿತದಲ್ಲಿ ಲೆಕ್ಕದ ನಡುವೆ ಚಿಹ್ನೆ ತಪ್ಪಿತ್ತು, ಅದು ಅವನಿಗೂ ಕಂಡಿತು. ರಸಾಯನಶಾಸ್ತ್ರದ ಒಂದು 5 ಅಂಕದ ಉತ್ತರವನ್ನು ಮಾತ್ರ ನಮ್ಮ ಉಪನ್ಯಾಸಕರು ಓದಿ, ಮಾದರಿ ಉತ್ತರದ ಜೊತೆ ಸಾಲು ಸಾಲು ಹೋಲಿಸಿ, "ಇದಕ್ಕೆ ಹಾಕು" ಎಂದರು. ಒಂದೇ ಮರುಮೌಲ್ಯಮಾಪನ, ಎಲ್ಲ ಸೇರಿ 3260. ಮೂರಕ್ಕೂ ಹಾಕಿದ್ದರೆ 6600 ಆಗುತ್ತಿತ್ತು.

ಇಷ್ಟೆಲ್ಲ ಓಡಾಟದಲ್ಲಿ ಪರೀಕ್ಷೆ-2ರ ನೋಂದಣಿಯನ್ನು ಮರೆಯಬೇಡಿ. ಅದರ ಕೊನೆಯ ದಿನ ಮರುಮೌಲ್ಯಮಾಪನದ ಫಲಿತಾಂಶಕ್ಕೆ ಕಾಯುವುದಿಲ್ಲ. ಫೇಲಾದ ವಿಷಯವಿದ್ದರೆ ಎರಡನ್ನೂ ಅದೇ ವಾರ ಮಾಡಿ ಮುಗಿಸಿ.