ಟೇಬಲ್ ಸರಿ ಇತ್ತು, ವೆಲ್ ಒಳಗೆ ತಪ್ಪಿತ್ತು

ನಾನು ಬೆಂಗಳೂರಲ್ಲಿ ಒಂದು ಕಾಂಟ್ರಾಕ್ಟ್ ರಿಸರ್ಚ್ ಲ್ಯಾಬಲ್ಲಿ ಸೆಲ್ ಬೇಸ್ಡ್ ಅಸ್ಸೇ, ಅಂದ್ರೆ ಜೀವಂತ ಸೆಲ್‌ಗಳ ಮೇಲೆ ಡ್ರಗ್ ಹಾಕಿ ನೋಡೋ ಪರೀಕ್ಷೆ ಮಾಡೋನು. ಗುರುವಾರ ಸೀಡಿಂಗ್, ಶುಕ್ರವಾರ ಡೋಸಿಂಗ್, ಸೋಮವಾರ ಎಷ್ಟು ಸೆಲ್ ಬದುಕಿವೆ ಅಂತ ತೋರ್ಸೋ ಎಂಟಿಟಿ ಟೆಸ್ಟ್, ಮಂಗಳವಾರ ಕರ್ವ್, ಬುಧವಾರ ರಿಪೋರ್ಟ್, ವಾರ ಹೀಗೇ ಉರುಳ್ತದೆ. ನಮ್ಮಲ್ಲಿ ಡೈಲ್ಯೂಷನ್ ಶೀಟ್ ಒಬ್ರು ಬರೀಬೇಕು, ಇನ್ನೊಬ್ರು ನೋಡಿ "ಚೆಕ್ಡ್ ಬೈ" ಅಂತ ಸೈನ್ ಹಾಕ್ಬೇಕು. ಆ ಎರಡನೇ ಸೈನ್ ಮೂರು ವರ್ಷದಿಂದ ಹೆಚ್ಚುಕಮ್ಮಿ ನಂದೇ. ಕ್ಯಾಲ್ಕುಲೇಟರ್ ತಗೊಂಡು C1V1 = C2V2, ಅಂದ್ರೆ ಮೊದಲಿನ ಕಾನ್ಸಂಟ್ರೇಷನ್ ಗುಣಿಸು ವಾಲ್ಯೂಮ್ ಕೊನೇದಕ್ಕೆ ಸಮ ಅನ್ನೋ ಲೆಕ್ಕ ಒತ್ತೋದು, ಉತ್ತರ ಕೂತ್ರೆ ಸೈನು. ಆರು ತಿಂಗಳ ಹಿಂದಿನವರೆಗೂ ಇದನ್ನೇ ನಾನು ಚೆಕ್ಕಿಂಗ್ ಅಂತ ಅಂದ್ಕೊಂಡಿದ್ದೆ.

ಒಂದು ಕ್ಲೈಂಟ್ ಐದು ಕಾಂಪೌಂಡ್ ಕಳಿಸಿದ್ರು, ಎಚ್ಎಲ್-60 ಅನ್ನೋ ಲ್ಯುಕೇಮಿಯಾ ಸೆಲ್‌ಗಳ ಮೇಲೆ ಐಸಿ50, ಅಂದ್ರೆ ಸೆಲ್‌ಗಳನ್ನ ಅರ್ಧಕ್ಕೆ ಇಳಿಸೋ ಡೋಸ್ ಬೇಕು ಅಂತ. ನಾವು ಅಲ್ಲೀವರೆಗೂ ಬರೀ ಅಂಟ್ಕೊಳ್ಳೋ ಸೆಲ್‌ಗಳಲ್ಲೇ ಕೆಲ್ಸ ಮಾಡಿದ್ದು, ಹೀಲಾ, ಎಂಸಿಎಫ್-7 ಅಂಥವು. ಅದರಲ್ಲಿ ಹೇಗೆ ಅಂದ್ರೆ ಸೆಲ್‌ಗಳು ತಳಕ್ಕೆ ಅಂಟ್ಕೊಂಡಿರ್ತವೆ, ಮಾರನೇ ದಿನ ಮೇಲಿನ 100 ಮೈಕ್ರೋಲೀಟರ್ ಹಳೇ ಮೀಡಿಯಂ ಎಳೆದು ಬಿಸಾಕಿ, ಡ್ರಗ್ ಇರೋ ಹೊಸ ಮೀಡಿಯಂ 100 ಹಾಕ್ತೀವಿ. ಟ್ಯೂಬಲ್ಲಿ 100 ಮೈಕ್ರೋಮೋಲಾರ್ ಇದ್ರೆ ವೆಲ್ಲಲ್ಲೂ, ಅಂದ್ರೆ ಸೆಲ್ ಇರೋ ಪ್ಲೇಟಿನ ಗುಂಡೀಲೂ ಅಷ್ಟೇ. ಎಚ್ಎಲ್-60 ತೇಲೋ ಸೆಲ್ಲು. ಮೀಡಿಯಂ ಎಳೆದ್ರೆ ಸೆಲ್ಲೇ ಟಿಪ್ ಒಳಗೆ ಬಂದ್ಬಿಡ್ತವೆ. ಅದಕ್ಕೆ ಸೆಲ್ ಕಲ್ಚರ್ ನೋಡ್ಕೊಳ್ಳೋ ಹುಡುಗ ಪ್ರೊಟೊಕಾಲಲ್ಲಿ ಒಂದು ಲೈನ್ ಬದಲಾಯಿಸಿದ, "ಮೀಡಿಯಂ ತೆಗೆಯಬೇಡಿ, ಮೇಲಿಂದ 100 ಸೇರಿಸಿ" ಅಂತ. ಬದಲಾವಣೆ ಸರಿಯಾಗೇ ಇತ್ತು. ಡೈಲ್ಯೂಷನ್ ಟೇಬಲ್ ಮಾತ್ರ ಹಳೇದು, ಯಾಕಂದ್ರೆ ನಮ್ಮ ಎಲೆಕ್ಟ್ರಾನಿಕ್ ನೋಟ್‌ಬುಕ್ಕಲ್ಲಿ ಕ್ಲೋನ್ ಅಂತ ಒಂದು ಬಟನ್ ಇದೆ, ಹಳೇ ಎಕ್ಸ್‌ಪೆರಿಮೆಂಟನ್ನ ಇದ್ದಂಗೇ ಎತ್ಕೊಂಡ್ ಬಂದು ಕೂರ್ಸತ್ತೆ. ಆ ಬಟನ್ ಕಂಡುಹಿಡಿದೋರು ಯಾರೋ ಗೊತ್ತಿಲ್ಲ, ಸಿಕ್ರೆ ಎರಡು ಮಾತಾಡೋದಿದೆ.

ಶೀಟ್ ನನ್ ಹತ್ರ ಬಂತು. ಸ್ಟಾಕ್, ಡ್ರಗ್ ಕರಗಿಸೋ ದ್ರಾವಕ ಡಿಎಂಎಸ್ಒ ಒಳಗೆ, 10 ಮಿಲಿಮೋಲಾರ್. 10 ಮೈಕ್ರೋಲೀಟರ್ ಸ್ಟಾಕ್, 990 ಮೀಡಿಯಂ, ಒಟ್ಟು 1000, ಟಾಪ್ ಡೋಸ್ 100 ಮೈಕ್ರೋಮೋಲಾರ್. ಅಲ್ಲಿಂದ ಮೂರರಷ್ಟು ಮೂರರಷ್ಟು ಕೆಳಗೆ. ಒತ್ತಿದೆ, ಕೂತ್ತು, ಸೈನ್ ಹಾಕ್ದೆ, ಕ್ಯಾಬ್ ಹೊರಡೋಕೆ ಹತ್ತು ನಿಮಿಷ ಇತ್ತು. ಆ 1000 ಅನ್ನೋದು ಟ್ಯೂಬಿನ ವಾಲ್ಯೂಮು, ಕೊನೇದಲ್ಲ ಅಂತ ಹೊಳೀಲೇ ಇಲ್ಲ. ಶೀಟಲ್ಲಿ ಆ ಕಾಲಂ ಹೆಸರೇ "ಫೈನಲ್ ವಾಲ್ಯೂಮ್".

ರಿಸಲ್ಟ್ ಚೆನ್ನಾಗೇ ಬಂತು. ಕರ್ವ್‌ಗಳು ನೀಟಾಗಿ ಎಸ್ ಆಕಾರ, ಟ್ರಿಪ್ಲಿಕೇಟ್ ಒಂದರ ಮೇಲೊಂದು. ನಾಲ್ಕು ಕಾಂಪೌಂಡ್‌ಗೆ ನಂಬರ್ ಸಿಕ್ತು, ಐದನೇದು ಏನೂ ಮಾಡ್ಲಿಲ್ಲ, ಅದಕ್ಕೆ "100ಕ್ಕಿಂತ ಹೆಚ್ಚು" ಅಂತ ಬರೆದ್ವಿ. ರೆಫರೆನ್ಸಿಗೆ ಹಾಕಿದ್ದ ಡಾಕ್ಸೊರುಬಿಸಿನ್ನೂ ಕರ್ವ್ ಕೊಟ್ಟಿತ್ತು. ಹೀಲಾ ಆಗಿದ್ರೆ ನಮ್ಮ ಚಾರ್ಟ್ ಇದೆ, ಸ್ವಲ್ಪ ಆಚೀಚೆ ಆದ್ರೂ ಸಿಕ್ಕಿಬೀಳ್ತದೆ. ಎಚ್ಎಲ್-60ಗೆ ನಮ್ಮಲ್ಲಿ ಹಿಂದಿನ ಡೇಟಾನೇ ಇರ್ಲಿಲ್ಲ, ಹಂಗಾಗಿ ಬಂದಿದ್ದೇ ಸರಿ ಅಂತ ಆಯ್ತು.

ಎರಡು ವಾರ ಆದ್ಮೇಲೆ ಕ್ಲೈಂಟ್ ಮೇಲ್. ಅವರ ಸ್ವಂತ ಲ್ಯಾಬಲ್ಲಿ ಮಾಡಿದ್ದಕ್ಕಿಂತ ನಮ್ಮ ನಂಬರ್ ಸುಮಾರು ಎರಡರಷ್ಟಿದೆ, ನೋಡ್ತೀರಾ ಅಂತ. ಗ್ರೂಪ್ ಲೀಡರ್ ನನ್ ಕಡೆ ತಿರುಗಿದ್ರು. ಈ ಜಾಗದಲ್ಲಿ ನಾನು ಮಾಡಿದ್ದು ಈಗ್ಲೂ ನೆನಪಾದ್ರೆ ಕಿವಿ ಬಿಸಿ ಆಗತ್ತೆ. ಶೀಟ್ ತೆಗೆದು ನೋಡೋ ಬದ್ಲು ನೇರ ಉತ್ತರ ಟೈಪ್ ಮಾಡ್ದೆ. ಸೆಲ್ ಬೇಸ್ಡ್ ಅಸ್ಸೇಲಿ ಎರಡರಷ್ಟು ವ್ಯತ್ಯಾಸ ಸಹಜ, ಪ್ಯಾಸೇಜ್ ನಂಬರ್, ಸೀರಮ್ ಲಾಟ್ ಎಲ್ಲಾ ಪರಿಣಾಮ ಬೀರ್ತವೆ ಅಂತ ಒಂದು ಪ್ಯಾರಾ. ಸುಳ್ಳೇನಲ್ಲ ಅದು. ಒಂದೇ ಕಾಂಪೌಂಡಿಗಾಗಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಕಳಿಸಿ ಊಟಕ್ಕೆ ಹೋದೆ. ವಾಪಸ್ ಬರೋಷ್ಟರಲ್ಲಿ ಒಂದೇ ಸಾಲಿನ ಉತ್ತರ ಬಂದಿತ್ತು, ನಾಲ್ಕಕ್ಕೆ ನಾಲ್ಕೂ ಒಂದೇ ದಿಕ್ಕಲ್ಲಿ, ಒಂದೇ ಪ್ರಮಾಣದಲ್ಲಿ ತಪ್ಪಿದ್ಯಲ್ಲ ಅಂತ.

ಎಕ್ಸೆಲ್ ತೆಗೆದು ನಮ್ದು ಭಾಗಿಸು ಅವರ್ದು ಮಾಡಿದೆ. 1.9, 2.1, 2.0, 2.0. ಹೊಟ್ಟೇಲಿ ಏನೋ ಜಾರಿದಂಗಾಯ್ತು. ಸೆಲ್‌ಗಳ ಮೂಡು ಹಾಳಾದ್ರೆ ಒಂದು ಕಾಂಪೌಂಡ್ ಒಂದೂವರೆ ಆಗತ್ತೆ, ಇನ್ನೊಂದು ಅರ್ಧ ಆಗತ್ತೆ, ಮತ್ತೊಂದು ಮೂರಾಗತ್ತೆ. ಬೇರೆ ಬೇರೆ ರೀತಿ ಕೆಲ್ಸ ಮಾಡೋ ನಾಲ್ಕು ಕಾಂಪೌಂಡು ಸಾಲಾಗಿ ಎರಡು ಎರಡು ಅಂತ ನಿಂತಿದ್ರೆ ಅದು ಸೆಲ್ ಮಾಡಿದ್ದಲ್ಲ, ಯಾರೋ ಲೆಕ್ಕದಲ್ಲಿ ಮಾಡಿದ್ದು. ಆದ್ರೂ ಶೀಟಲ್ಲಿ ಲೆಕ್ಕ ಸರಿ! ಮೂರು ಸಲ ಒತ್ತಿದೆ, ಮೂರು ಸಲಾನೂ ಕೂತ್ತು. ಸ್ಟಾಕ್ ಮೇಲೇ ಅನುಮಾನ ಬಂದು ತೂಕದ ಪ್ರಿಂಟ್ಔಟ್ ತೆಗ್ಸಿದೆ, ಮಾಲಿಕ್ಯುಲರ್ ವೇಯ್ಟಲ್ಲಿ ಸಾಲ್ಟ್ ಸೇರಿಸಿದ್ದೀವಾ ನೋಡ್ದೆ, ಪಿಪೆಟ್ ಕ್ಯಾಲಿಬ್ರೇಷನ್ ಸ್ಟಿಕ್ಕರ್ ನೋಡ್ದೆ. ನಾಲ್ಕು ಗಂಟೆಗೆ ಕಾಲ್ ಇತ್ತು, ಗೋಡೆ ಗಡಿಯಾರದಲ್ಲಿ ಮೂರೂವರೆ.

ಕೊನೆಗೆ ಸಿಕ್ಕಿದ್ದು ಮೋಲ್ ಎಣಿಸಿದಾಗ. ಕಾನ್ಸಂಟ್ರೇಷನ್ ಬಿಟ್ಟಾಕಿ, ಒಂದು ವೆಲ್ಲಿಗೆ ಎಷ್ಟು ಡ್ರಗ್ ಬೀಳತ್ತೆ ಅಂತ ಟಿಶ್ಯೂ ಪೇಪರ್ ಮೇಲೆ ಬರೆದೆ. ಟ್ಯೂಬಲ್ಲಿ 100 ಮೈಕ್ರೋಮೋಲಾರ್, ಅದರಿಂದ ಎತ್ತೋದು 100 ಮೈಕ್ರೋಲೀಟರ್, ಅಂದ್ರೆ 10 ನ್ಯಾನೋಮೋಲ್. ಈಗ ವೆಲ್ ಕಡೆಯಿಂದ ಬರ್ಬೇಕು. ವೆಲ್ಲಲ್ಲಿ ಕೊನೆಗೆ ಎಷ್ಟು ದ್ರವ ಇದೆ? ಪೆನ್ ಅಲ್ಲೇ ನಿಂತ್ತು. ಮೊದ್ಲೇ ಸೆಲ್ ಇರೋ 100, ಮೇಲಿಂದ 100, ಒಟ್ಟು 200. 200 ಮೈಕ್ರೋಲೀಟರಲ್ಲಿ 100 ಮೈಕ್ರೋಮೋಲಾರ್ ಬೇಕಂದ್ರೆ 20 ನ್ಯಾನೋಮೋಲ್ ಹಾಕ್ಬೇಕಿತ್ತು, ಹಾಕಿದ್ದು 10. ನಾವು 100 ಅಂತ ಬರ್ಕೊಂಡಿದ್ದ ವೆಲ್ಲಲ್ಲಿ ಇದ್ದಿದ್ದು 50.

ಕಾಲಲ್ಲಿ ಒಪ್ಕೊಂಡ್ವಿ. ನಾಲ್ಕು ಕಾಂಪೌಂಡಿನ ಡೋಸುಗಳೆಲ್ಲಾ ಸರಿಯಾಗಿ ಅರ್ಧ ಆಗಿದ್ರಿಂದ ಐಸಿ50 ಎರಡರಿಂದ ಭಾಗಿಸಿದ್ರೆ ಮುಗೀತು, ಡೇಟಾ ಹಾಳಾಗಿಲ್ಲ. ಐದನೇದಕ್ಕೆ ಆ ಭಾಗ್ಯ ಇಲ್ಲ. "100ಕ್ಕಿಂತ ಹೆಚ್ಚು" ಅಂತ ಬರೆದಿದ್ವಿ, ನಿಜಕ್ಕೂ 50ರ ಆಚೆ ನಾವು ನೋಡೇ ಇಲ್ಲ. ಅದನ್ನ ಮತ್ತೆ ಮಾಡ್ಬೇಕು. ಶುಕ್ರವಾರದೊಳಗೆ ಮಾಡ್ತೀವಿ ಅಂತ ಲೀಡರ್ ಒಪ್ಕೊಂಡ್ರು, ನನ್ನನ್ನ ಕೇಳ್ದೆ.

ಈಗ ಎರಡನೇ ಎಡವಟ್ಟು, ಇದು ಪೂರ್ತಿ ನಂದೇ. ಎರಡರಷ್ಟು ಬೇಕಲ್ಲ, ಸ್ಟಾಕ್ ಡಬಲ್ ಹಾಕಿದ್ರಾಯ್ತು ಅಂತ 10+990 ಅನ್ನೋದನ್ನ 20+980 ಮಾಡ್ದೆ. ಟ್ಯೂಬಲ್ಲಿ 200, ವೆಲ್ಲಲ್ಲಿ 100, ಮೋಲ್ ಎಣಿಸ್ದೆ, 20 ನ್ಯಾನೋಮೋಲ್, ಸರಿ. ಸೋಮವಾರ ನೋಡಿದ್ರೆ ಮೊದಲ ಸಲ ಆ ಕಾಂಪೌಂಡ್ ಏನೋ ಮಾಡಿತ್ತು, ಟಾಪ್ ಡೋಸಲ್ಲಿ ಸೆಲ್ 60 ಪರ್ಸೆಂಟಿಗೆ ಇಳಿದಿತ್ತು. ಖುಷಿಯಾಗಿ ಸ್ಲೈಡ್ ಮಾಡೋಕೆ ಕೂತೆ. ಪಕ್ಕದ ಬೆಂಚಿನ ಮೇಡಂ ಚಹಾ ಹಿಡ್ಕೊಂಡು ಬಂದು ಸ್ಕ್ರೀನ್ ನೋಡಿ, "ಏನಪ್ಪಾ ಇದು, ಏಳು ಪಾಯಿಂಟ್ ಚಪ್ಪಟೆ, ಕೊನೇದು ಮಾತ್ರ ಬಾವಿಗ್ ಬಿದ್ದಂಗಿದೆ? ಡಿಎಂಎಸ್ಒ ಎಷ್ಟಿದೆ ಅದ್ರಲ್ಲಿ?" ಅಂದ್ರು.

ಡಿಎಂಎಸ್ಒ. ಸ್ಟಾಕ್ 20 ಹಾಕಿದ್ರೆ ಟ್ಯೂಬಲ್ಲಿ 2 ಪರ್ಸೆಂಟು, ವೆಲ್ಲಲ್ಲಿ 1. ಡ್ರಗ್ ಇಲ್ದೆ ಬರೀ ಡಿಎಂಎಸ್ಒ ಹಾಕಿ ಹೋಲಿಸೋ ವೆಹಿಕಲ್ ಕಂಟ್ರೋಲ್ ಪ್ರೊಟೊಕಾಲಿನ ಬೇರೆ ಪುಟದಲ್ಲಿರೋದು, ಅದನ್ನ ನಾನು ಮುಟ್ಟಿರ್ಲಿಲ್ಲ, ಅಲ್ಲಿ ಇನ್ನೂ 10+990, ವೆಲ್ಲಲ್ಲಿ ಅರ್ಧ ಪರ್ಸೆಂಟು. ಮೀಡಿಯಮ್ಮಲ್ಲೇ ಡೈಲ್ಯೂಟ್ ಮಾಡ್ಕೊಂಡು ಇಳಿಯೋದ್ರಿಂದ ಕೆಳಗಿನ ಡೋಸುಗಳಲ್ಲಿ ಡಿಎಂಎಸ್ಒ ಕೂಡ ಮೂರರಷ್ಟು ಕಮ್ಮಿ ಆಗ್ತಾ ಹೋಗತ್ತೆ, ಟಾಪ್ ವೆಲ್ ಒಂದೇ ಒಂಟಿಯಾಗಿ ಅದರ ಏಟು ತಿನ್ನತ್ತೆ. ಹೀಲಾ 1 ಪರ್ಸೆಂಟು ತಡ್ಕೊಳ್ತಿತ್ತು, ಅದಕ್ಕೇ ಹಳೇ ಟೇಬಲಲ್ಲಿ ಅಷ್ಟಿದ್ರೂ ನಡೀತಿತ್ತು. "ಎಚ್ಎಲ್-60ನ ಡಿಫರೆನ್ಶಿಯೇಟ್ ಮಾಡೋಕೇ ಜನ ಒಂದೂಕಾಲು ಪರ್ಸೆಂಟು ಡಿಎಂಎಸ್ಒ ಹಾಕ್ತಾರೆ ಕಣೋ, ನೀನು ಅದರ ಬಾಗಿಲಲ್ಲೇ ನಿಂತಿದ್ದೀಯ" ಅಂದ್ರು ಮೇಡಂ. ಬರೀ ಡಿಎಂಎಸ್ಒ 1 ಪರ್ಸೆಂಟು ಹಾಕಿ ಒಂದು ಪ್ಲೇಟ್ ಮಾಡಿ ನೋಡಿದೆ, ಸೆಲ್ 65 ಪರ್ಸೆಂಟು. ಕಾಂಪೌಂಡ್ ಪಾಪ ಏನೂ ಮಾಡಿರ್ಲಿಲ್ಲ.

ಸರಿ ಮಾಡಿದ್ದು ಹೀಗೆ. ಪೌಡರ್ ಇನ್ನೊಂದ್ಸಲ ತೂಗಿ ಸ್ಟಾಕ್ 20 ಮಿಲಿಮೋಲಾರ್ ಮಾಡಿದ್ವಿ. ಮೂರರಷ್ಟು ಇಳಿಯೋ ಡೈಲ್ಯೂಷನ್ನೆಲ್ಲಾ ಡಿಎಂಎಸ್ಒ ಒಳಗೇ ಮಾಡ್ಕೊಂಡು, ಪ್ರತಿಯೊಂದರಿಂದ 10 ಎತ್ತಿ 990 ಮೀಡಿಯಮ್ಮಿಗೆ. ಟಾಪ್ ಟ್ಯೂಬಲ್ಲಿ 200 ಮೈಕ್ರೋಮೋಲಾರ್, ಎಲ್ಲಾ ಟ್ಯೂಬಲ್ಲೂ ಡಿಎಂಎಸ್ಒ 1 ಪರ್ಸೆಂಟು. ವೆಲ್ಲಲ್ಲಿರೋ 100ರ ಮೇಲೆ 100 ಬಿದ್ಮೇಲೆ ಟಾಪ್ ಡೋಸ್ 100, ಡಿಎಂಎಸ್ಒ ಎಲ್ಲಾ ಕಡೆ ಅರ್ಧ ಪರ್ಸೆಂಟು, ವೆಹಿಕಲ್ಲೂ ಅಷ್ಟೇ. ಕರ್ವ್ ಉದ್ದಕ್ಕೂ ಚಪ್ಪಟೆ. ಈಗ ನಿಜವಾಗ್ಲೂ "100ಕ್ಕಿಂತ ಹೆಚ್ಚು" ಅಂತ ಬರೆದು ಕಳಿಸಿದ್ವಿ, ಅಂದ್ರೆ ಮೊದಲ್ನೇ ರಿಪೋರ್ಟಲ್ಲಿ ಇದ್ದಿದ್ದೇ ಪದ, ಮೂರು ವಾರ ತಡವಾಗಿ.

ಈಗ ಸೈನ್ ಹಾಕೋ ಮುಂಚೆ ನಾನು ಶೀಟನ್ನ ಕೊನೆಯಿಂದ ಓದ್ತೀನಿ. ರೀಡರ್ ಒಳಗೆ ಪ್ಲೇಟ್ ಹೋಗೋ ಹೊತ್ತಿಗೆ ವೆಲ್ಲಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿ, ಎಷ್ಟೆಷ್ಟು ಮೈಕ್ರೋಲೀಟರ್ ಕೂಡಿಸಿ, ಡ್ರಗ್ಗಿಗೊಂದ್ಸಲ ಡಿಎಂಎಸ್ಒಗೊಂದ್ಸಲ ಹಿಂದಕ್ಕೆ ಸ್ಟಾಕ್ ವರೆಗೂ ಬರೋದು. ಹಂಗೆ ನೋಡೋವಾಗ್ಲೇ ಇನ್ನೊಂದೂ ಸಿಕ್ತು. ಎಂಟಿಟಿ ಫೈನಲ್ 0.5 ಅಂತ ಪ್ರೊಟೊಕಾಲಲ್ಲಿದೆ, 5 ಮಿಲಿಗ್ರಾಂ ಪರ್ ಎಂಎಲ್ ಸ್ಟಾಕಿಂದ 20 ಮೈಕ್ರೋಲೀಟರ್ ಹಾಕ್ತೀವಿ, ಆದ್ರೆ ಅದು 200ರ ಮೇಲೆ ಬೀಳೋದ್ರಿಂದ ಒಟ್ಟು 220, ನಿಜವಾದ ಲೆಕ್ಕ 0.45. ಇದಕ್ಕೆ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ, ಕಂಟ್ರೋಲಿಗೂ ಡ್ರಗ್ ವೆಲ್ಲಿಗೂ ಒಂದೇ ಥರ ಬೀಳತ್ತೆ, ಕೊನೆಗೆ ನಾವು ನೋಡೋದು ಅವೆರಡರ ಅನುಪಾತ. ಆದ್ರೂ ನಂಬರ್ ತಿದ್ದಿಸಿದೆ.

ಗುಣಮಟ್ಟ ನೋಡ್ಕೊಳ್ಳೋ ಕ್ಯುಎದೋರು ಡೀವಿಯೇಷನ್ ಫಾರ್ಮ್ ತುಂಬ್ಸಿದ್ರು. ರೂಟ್ ಕಾಸ್ ಅಂತ ಡ್ರಾಪ್‌ಡೌನಲ್ಲಿ ನಾಲ್ಕೇ ಆಯ್ಕೆ, ಮನುಷ್ಯನ ತಪ್ಪು, ಉಪಕರಣ, ಮೆಟೀರಿಯಲ್, ಪರಿಸರ. ಒಂದ್ ಕಡೆ ಸ್ಟೆಪ್ ಬದಲಾಯ್ತು, ಅದನ್ನ ನಂಬ್ಕೊಂಡಿದ್ದ ಟೇಬಲ್ ಬದಲಾಗ್ಲಿಲ್ಲ ಅನ್ನೋದು ಯಾವ ಡಬ್ಬಿಗೆ ಹೋಗತ್ತೋ ನಂಗಿನ್ನೂ ಗೊತ್ತಾಗಿಲ್ಲ. ಮನುಷ್ಯನ ತಪ್ಪು ಒತ್ತಿದೆ. ಪರಿಹಾರ ಏನಂದ್ರೆ ನಂಗೂ ಆ ಹುಡುಗನಿಗೂ ಒಂದು ಗಂಟೆ ಟ್ರೈನಿಂಗು, ವಿಷಯ C1V1 = C2V2. ಕಾಲಂ ಹೆಸರನ್ನ "ಟ್ಯೂಬ್ ವಾಲ್ಯೂಮ್" ಅಂತ ಮಾಡಿ, ಪಕ್ಕದಲ್ಲಿ "ವೆಲ್ ವಾಲ್ಯೂಮ್" ಅಂತ ಇನ್ನೊಂದು ಹಾಕಿ ಅಂತ ಐಟಿಗೆ ಟಿಕೆಟ್ ಹಾಕಿದ್ದೀನಿ. ಟಿಕೆಟ್ ಇನ್ನೂ ಓಪನ್ ಇದೆ, ಕ್ಲೋನ್ ಬಟನ್ನೂ ಇದೆ.